ಗೆರೆಯೋ, ಅಕ್ಷರವೋ? ಪೆನ್ಸಿಲಿನಲ್ಲಿ ಬರೆದ ಹಳೆಯ ಲೆಕ್ಕದ ಪುಸ್ತಕಗಳನ್ನು ಓದುವ ಬಗೆ

ಊರು ಬಿಟ್ಟು ಬರುವಾಗ ಟ್ರಂಕಿನ ತಳದಲ್ಲಿ ಸೇರಿಕೊಂಡು ಬಂದ ಒಂದೆರಡು ಲೆಕ್ಕದ ಪುಸ್ತಕಗಳು ನಮ್ಮಲ್ಲಿ ಅನೇಕರ ಮನೆಗಳಲ್ಲಿವೆ. ತಿಳಿನೀಲಿ ಗೆರೆಯ ಹಾಳೆಯ ಮೇಲೆ ಹಿರಿಯರು ಪೆನ್ಸಿಲಿನಲ್ಲಿ ಬರೆದಿಟ್ಟವು. ಪೆನ್ಸಿಲಿನ ಸೀಸವು ಬೆಳಕಿಗೆ ಮಾಸುವುದಿಲ್ಲ. ಆದರೆ ಹಾಳೆಗೆ ಹಾಳೆ ಉಜ್ಜಿ ಅದು ಸವೆಯುತ್ತದೆ. ಸವೆದ ಬರಹವೂ ಅಚ್ಚಿನ ಗೆರೆಯೂ ಒಂದೇ ಮಟ್ಟದ ಮಸುಕಿಗೆ ಬಂದಾಗ, ಯಾವುದು ಕೈಬರಹ, ಯಾವುದು ಗೆರೆ ಎಂಬ ಗೊಂದಲ ಹುಟ್ಟುತ್ತದೆ.

ಕನ್ನಡ ಲಿಪಿಯಲ್ಲಿ ಈ ಗೊಂದಲಕ್ಕೆ ವಿಶೇಷ ಕಾರಣವಿದೆ. ನಮ್ಮ ಅಕ್ಷರಗಳು ದುಂಡಾಗಿದ್ದರೂ ತಲೆಕಟ್ಟು ಮಾತ್ರ ಹೆಚ್ಚುಕಡಿಮೆ ಅಡ್ಡಗೆರೆಯೇ. ಅದು ಮೇಲಿನ ಅಚ್ಚುಗೆರೆಯೊಡನೆ ಬೆರೆತರೆ ಕಾಣದಾಗುತ್ತದೆ. ಒತ್ತಕ್ಷರವನ್ನು ಕೆಳಗಿನ ಗೆರೆ ಸೀಳುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಇಲ್ಲದ ತಲೆಕಟ್ಟನ್ನು ಗೆರೆಯೇ ಒದಗಿಸುವುದು. ಗೆರೆಗೆ ತಾಗಿದ ಸೊನ್ನೆ ‘ರ’ಕಾರವಾಗಿ ತೋರುತ್ತದೆ, ‘ರ’ಕಾರದ ಕೊರಳಿನಲ್ಲಿ ಗೆರೆ ಹಾದುಹೋದರೆ ಅದು ‘ಕ’ಕಾರದಂತೆ ಕಾಣುತ್ತದೆ.

ನಮ್ಮ ಅಜ್ಜನವರ ಪುಸ್ತಕದಲ್ಲಿಯೇ ಇಂಥದೊಂದು ಸಾಲಿತ್ತು. ಮೊದಲಿನ ಪುಟವೊಂದರಲ್ಲಿ ‘ಬಳೆ ಗಿರವಿ ೪೦’ ಎಂದು ಸ್ಪಷ್ಟವಾಗಿದೆ. ಆ ಬಳೆಗಳು ಅಜ್ಜಿಯವು. ಅಜ್ಜ ಅವನ್ನು ಬಿಡಿಸಿಕೊಳ್ಳಲಿಲ್ಲ, ಗಿರವಿಯಲ್ಲೇ ಮುಳುಗಿಸಿದರು ಎಂಬ ಮಾತು ಮನೆಯಲ್ಲಿ ಎರಡು ತಲೆಮಾರು ನಡೆದು ಬಂದಿತ್ತು. ಹಲವು ಪುಟಗಳ ನಂತರ ‘ಸಾಹುಕಾರರಿಗೆ ೪ರ ಸಂದಾಯ’ ಎಂದು ನಾವು ಓದುತ್ತಿದ್ದ ಸಾಲು ಬರುತ್ತದೆ. ಹಾಗೆ ಓದಿದರೆ ಅದು ನಾಲ್ಕನೆಯ ತಾರೀಖಿನ ಯಾವುದೋ ಪಾವತಿ. ‘೪೦ ಸಂದಾಯ’ ಎಂದು ಓದಿದರೆ ಅಸಲು ತೀರಿತೆಂದು ಅರ್ಥ. ವ್ಯತ್ಯಾಸವೆಲ್ಲ ಒಂದು ವೃತ್ತದ ಮೇಲಿನ ಅಡ್ಡಗೆರೆಯದು.

ಮೊದಲು ಓರೆ ಬೆಳಕಿನಲ್ಲಿ ನೋಡಿದೆವು. ಕೋಣೆಯನ್ನು ಕತ್ತಲಾಗಿಸಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಬಹುತೇಕ ಮಲಗಿಸಿ ಹಿಡಿದು, ಹತ್ತು ಪಟ್ಟು ದೊಡ್ಡದಾಗಿಸುವ ಮಸೂರದಿಂದ ನೋಡಬೇಕು. ಅಚ್ಚಿನ ಮಸಿ ಕಾಗದದ ನಾರಿನೊಳಗೆ ಇಳಿದಿರುವುದರಿಂದ ಹೊಳೆಯುವುದಿಲ್ಲ. ಪೆನ್ಸಿಲಿನ ಸೀಸ ನಾರಿನ ಮೇಲ್ತುದಿಗಳಲ್ಲಿ ಕಣಕಣವಾಗಿ ಕುಳಿತು, ಟಾರ್ಚನ್ನು ಸರಿಸಿದಂತೆ ಬೂದು ಹೊಳಪು ಕೊಡುತ್ತದೆ. ಒತ್ತಿ ಬರೆದಿದ್ದರೆ ಸಣ್ಣ ತಗ್ಗೂ ಕಾಣುತ್ತದೆ. ಎರಡೂ ಕೂಡುವಲ್ಲಿ ಸೀಸವೇ ಮೇಲಿರುತ್ತದೆ, ಏಕೆಂದರೆ ಗೆರೆ ಮೊದಲೇ ಅಚ್ಚಾಗಿತ್ತು. ನಮ್ಮ ವೃತ್ತ ಹೊಳೆಯಿತು; ಅದರ ಮೇಲಿನ ಗೆರೆ ಹೊಳೆಯಲಿಲ್ಲ.

ಆದರೆ ಅಲ್ಲಿದ್ದ ತಲೆಕಟ್ಟು ಸವೆದುಹೋಗಿರಲೂಬಹುದಲ್ಲವೇ? ಅದಕ್ಕಾಗಿ ಪುಟವನ್ನು ಬಣ್ಣದಲ್ಲಿ, 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದೆವು. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಗೆರೆಯೂ ಬರಹವೂ ಒಂದೇ ಕಪ್ಪಾಗುತ್ತವೆ. GIMP ಎಂಬ ಉಚಿತ ತಂತ್ರಾಂಶದಲ್ಲಿ Colors > Components > Decompose ಆರಿಸಿ RGB ಎಂದು ಕೊಟ್ಟರೆ, ಚಿತ್ರವು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗುತ್ತದೆ. ನೀಲಿ ಗೆರೆಯು ನೀಲಿ ಬೆಳಕನ್ನು ಹಿಂದಿರುಗಿಸುವುದರಿಂದ ನೀಲಿ ಪದರದಲ್ಲಿ ಕಾಗದದಲ್ಲೇ ಕರಗಿದಂತಾಗುತ್ತದೆ. ಕೆಂಪು ಪದರದಲ್ಲಿ ಅದೇ ಗೆರೆ ಗಾಢವಾಗುತ್ತದೆ. ಸೀಸಕ್ಕೆ ಬಣ್ಣವಿಲ್ಲವಾದ್ದರಿಂದ ಬರಹ ಎರಡರಲ್ಲೂ ಉಳಿಯುತ್ತದೆ.

ಹೋಲಿಕೆಗೆ ಅದೇ ಸಾಲು ನೆರವಾಯಿತು. ‘ಸಾಹುಕಾರರಿಗೆ’ ಎಂಬ ಪದದ ಮೊದಲ ‘ರ’ಕಾರವೂ ಅದೇ ಗೆರೆಗೆ ತಾಗಿತ್ತು. ನೀಲಿ ಪದರದಲ್ಲಿ ಅದರ ತಲೆಕಟ್ಟು, ಬಲತುದಿ ಮೇಲಕ್ಕೆ ಚಿಮ್ಮಿದ ಕೊಂಕಿನೊಡನೆ, ಹಾಗೆಯೇ ಉಳಿದಿತ್ತು. ೪ರ ಪಕ್ಕದ ವೃತ್ತದ ಮೇಲೆ ಏನೂ ಉಳಿಯಲಿಲ್ಲ. ವೃತ್ತವೂ ಪೂರ್ಣವಾಗಿ ಮುಚ್ಚಿತ್ತು. ಅದು ಸೊನ್ನೆ.

ಈ ಉಪಾಯಕ್ಕೆ ಮಿತಿಗಳಿವೆ. ಗೆರೆ ಬೂದು ಬಣ್ಣದ್ದಾಗಿದ್ದರೆ ಪದರಗಳಿಂದ ಪ್ರಯೋಜನವಿಲ್ಲ, ಓರೆ ಬೆಳಕೇ ಗತಿ. ನೀಲಿ ಶಾಯಿಯ ಬರಹವಾದರೆ ನೀಲಿ ಪದರದಲ್ಲಿ ಬರಹವೂ ಮಸುಕಾಗುತ್ತದೆ. ಹಳದಿಗಟ್ಟಿದ ಕಾಗದ ಆ ಪದರದಲ್ಲಿ ಕಪ್ಪಾಗಿ ಕಾಣುವುದರಿಂದ ಬೆಳಕು-ನೆರಳಿನ ಅಂತರವನ್ನು ಹೆಚ್ಚಿಸಬೇಕಾಗುತ್ತದೆ. ಅಡ್ಡಗೆರೆಗಳನ್ನು ತಾವಾಗಿಯೇ ಅಳಿಸುವ ತಂತ್ರಾಂಶಗಳನ್ನು ಮಾತ್ರ ನಂಬಬಾರದು; ಅವು ಗೆರೆಯೊಡನೆ ತಲೆಕಟ್ಟನ್ನೂ ಅಳಿಸುತ್ತವೆ. ಮೂಲ ಹಾಳೆಯ ಮೇಲೆ ಬೆರಳಾಡಿಸುವುದಾಗಲಿ, ಮಸುಕಾದ ಅಕ್ಷರವನ್ನು ಮತ್ತೆ ತಿದ್ದುವುದಾಗಲಿ ಸಲ್ಲದು. ತಿದ್ದಿದ ಅಕ್ಷರ ಅಜ್ಜನದಾಗಿ ಉಳಿಯುವುದಿಲ್ಲ.

ಬಳೆಗಳು ಮುಂದೆ ಏನಾದವೆಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ನಲವತ್ತು ರೂಪಾಯಿ ಸಂದಾಯವಾಯಿತೆಂಬುದನ್ನು ಮಾತ್ರ ಹೇಳುತ್ತದೆ. ಮನೆಯಲ್ಲಿ ಆ ಹಳೆಯ ಮಾತನ್ನು ಈಗ ಯಾರೂ ಆಡುವುದಿಲ್ಲ.