ಮೈಕಟ್ಟಿಗೊಂದು ಲೆಕ್ಕ

ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಕಡೆಯಿಂದ ಕಾಲೇಜು ಓದಲು ಪುಣೆಗೆ ಬರುವ ತರುಣರಲ್ಲಿ ಅನೇಕರು ಕೋಣೆ ಹಿಡಿದು ಖಾನಾವಳಿಯಲ್ಲಿ ಉಣ್ಣುವರು. ಅವರಲ್ಲಿ ಮೈಕಟ್ಟು ಬೆಳೆಸಬೇಕೆಂಬ ಆಸೆಯುಳ್ಳ ಮಾಂಸಾಹಾರಿ ತರುಣನೊಬ್ಬನು ಕಡಿಮೆ ಹಣದಲ್ಲಿ ಅದನ್ನು ಸಾಧಿಸುವುದು ಹೇಗೆ ಎಂಬುದನ್ನು ನಾವು ಇಲ್ಲಿ ಲೆಕ್ಕ ಹಾಕಿ ನೋಡೋಣ.

ಸ್ನಾಯುಗಳು ಬೆಳೆಯಲು ಬೇಕಾದ ಮುಖ್ಯ ದ್ರವ್ಯವು ಸಸಾರಜನಕ, ಅಂದರೆ ಪ್ರೋಟೀನು. ಭಾರದ ವ್ಯಾಯಾಮ ಮಾಡುವವನಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಸಾಕು. ನಮ್ಮ ತರುಣನ ವಯಸ್ಸು 20, ತೂಕ 60 ಕಿಲೋ ಎಂದಿಟ್ಟುಕೊಂಡರೆ ಅವನಿಗೆ ಬೇಕಾದುದು 96 ಗ್ರಾಂ. ಖಾನಾವಳಿಯ ಒಂದೂಟದಲ್ಲಿ ನಾಲ್ಕು ಚಪಾತಿ, ಬೇಳೆ, ಅನ್ನ, ಪಲ್ಯಗಳಿಂದ ಸುಮಾರು 22 ಗ್ರಾಂ ದೊರೆಯುವುದು. ಎರಡು ಊಟಕ್ಕೆ 44. ಬೆಳಗಿನ ಅವಲಕ್ಕಿ ಮತ್ತು ಚಹದಿಂದ 6. ಹೀಗೆ 50 ಗ್ರಾಂ ಆಗಲೇ ಅವನ ಹೊಟ್ಟೆ ಸೇರಿದೆ. ಆದುದರಿಂದ ಅವನು ಹೊಸದಾಗಿ ಕೊಳ್ಳಬೇಕಾದುದು ಉಳಿದ 46 ಗ್ರಾಂ ಮಾತ್ರ. ಈ ಕಳೆಯುವ ಲೆಕ್ಕವನ್ನು ಮಾಡದವರೇ ದುಬಾರಿ ಡಬ್ಬಿಗಳಿಗೆ ಹಣ ತೆರುವರು.

ಈ ಕೊರತೆಯನ್ನು ಯಾವುದರಿಂದ ತುಂಬಬೇಕು? ವಸ್ತುವಿನ ಬೆಲೆಯನ್ನು ಅದರಲ್ಲಿರುವ ಪ್ರೋಟೀನಿನಿಂದ ಭಾಗಿಸಿದರೆ ಉತ್ತರ ದೊರೆಯುವುದು. ಮೊಟ್ಟೆಗೆ 7 ರೂಪಾಯಿ ಎನ್ನೋಣ. ಅದರಲ್ಲಿ 6 ಗ್ರಾಂ ಇರುವುದರಿಂದ ಗ್ರಾಂಗೆ 1 ರೂಪಾಯಿ 17 ಪೈಸೆ ಬೀಳುವುದು. ಕೋಳಿಮಾಂಸ ಕಿಲೋಗೆ 240 ರೂಪಾಯಿ ಎನ್ನೋಣ. ಮೂರರಲ್ಲಿ ಒಂದು ಪಾಲು ಎಲುಬಿಗೆ ಹೋಗಿ, ಉಳಿದುದರಲ್ಲಿ ಸುಮಾರು 130 ಗ್ರಾಂ ಪ್ರೋಟೀನು ದೊರೆಯುವುದರಿಂದ ಗ್ರಾಂಗೆ 1 ರೂಪಾಯಿ 85 ಪೈಸೆ. ಅಂಗಡಿಯ ಮೊಸರು ಇನ್ನೂ ದುಬಾರಿ. ಹಾಲು ತಂದು ರಾತ್ರಿ ಹೆಪ್ಪು ಹಾಕಿದರೆ ಅಗ್ಗ. ಆದುದರಿಂದ ಮೊಟ್ಟೆಯೇ ಈ ಯೋಜನೆಯ ಅಡಿಗಲ್ಲು. ಶ್ರಾವಣದಲ್ಲಿ ಅನೇಕರು ಮಾಂಸ, ಮೊಟ್ಟೆ ಬಿಡುವುದರಿಂದ ಬೇಡಿಕೆ ತಗ್ಗಿ ದರವೂ ಸಾಮಾನ್ಯವಾಗಿ ಇಳಿಯುವುದು.

ವಾರದಲ್ಲಿ ಐದು ದಿನ ಅವನು ನಾಲ್ಕು ಮೊಟ್ಟೆ, 300 ಗ್ರಾಂ ಮೊಸರು, ಒಂದು ಹಿಡಿ, ಅಂದರೆ 50 ಗ್ರಾಂ, ಶೇಂಗಾ ತಿನ್ನಲಿ: 24, 10, 12, ಕೂಡಿದರೆ 46. ಎರಡು ದಿನ ಎರಡು ಮೊಟ್ಟೆ, ಅಷ್ಟೇ ಮೊಸರು, ಎಲುಬು ಸಹಿತ 200 ಗ್ರಾಂ ಕೋಳಿ: 12, 10, 26, ಕೂಡಿದರೆ 48. ಕೋಣೆಯಲ್ಲಿ ಶೀತಪೆಟ್ಟಿಗೆ ಇಲ್ಲದಿದ್ದರೆ ಇಬ್ಬರು ಕೂಡಿ 400 ಗ್ರಾಂ ಕೋಳಿ ತಂದು ಅಂದೇ ಬೇಯಿಸಿ ಅಂದೇ ಮುಗಿಸಬೇಕು.

ಹಸಿ ಮೊಟ್ಟೆ ಕುಡಿದರೆ ಬಲ ಹೆಚ್ಚೆಂಬ ನಂಬಿಕೆಯುಂಟು. ಅದು ತಪ್ಪು. ಬೇಯಿಸಿದ ಮೊಟ್ಟೆಯ ಪ್ರೋಟೀನು ನೂರಕ್ಕೆ 90 ಪಾಲು ಜೀರ್ಣವಾದರೆ ಹಸಿಯದು ಸುಮಾರು 50 ಪಾಲು ಮಾತ್ರ. ರೋಗಾಣುಗಳ ಭಯ ಬೇರೆ.

ಆದರೆ ಸ್ನಾಯುವಿಗೆ ಬೆಳೆಯುವ ಕಾರಣವನ್ನು ಕೊಡುವುದು ಅನ್ನವಲ್ಲ, ಭಾರ. ತಾಲೀಮಿನ ದಂಡ, ಬೈಠಕ್‌ಗಳು ಮೊದಲಿಗೆ ಒಳ್ಳೆಯವೇ. ಮೂವತ್ತು ದಂಡಗಳನ್ನು ಸುಲಭವಾಗಿ ಹೊಡೆಯಬಲ್ಲವನು ಅರವತ್ತಕ್ಕೆ ಹೋದರೆ ದಮ್ಮು ಬೆಳೆಯುವಷ್ಟು ಮೈ ಬೆಳೆಯದು. ಆಗ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಕಟ್ಟಿಕೊಂಡು ಎಂಟರಿಂದ ಹನ್ನೆರಡಕ್ಕೇ ದಣಿಯುವಂತೆ ಮಾಡಬೇಕು. ಹನ್ನೆರಡು ಸುಲಭವಾದೊಡನೆ ಇನ್ನೊಂದು ಪುಸ್ತಕ ಸೇರಿಸಬೇಕು. ವಾರಕ್ಕೆ ಮೂರು ದಿನ ಸಾಕು. ನಡುವಿನ ದಿನಗಳು ವಿಶ್ರಾಂತಿಗೆ.

ಯೋಜನೆ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ತಕ್ಕಡಿ, ಅಳತೆಪಟ್ಟಿ, ಒಂದು ದಿನಚರಿ ಸಾಕು. ವಾರಕ್ಕೊಮ್ಮೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಬೇಕು. ತಿಂಗಳಿಗೆ ಒಂದು ಕಿಲೋ ಏರಿದರೆ ಸರಿ. ಎರಡು ವಾರವೂ ಮುಳ್ಳು ಅಲುಗದಿದ್ದರೆ ಕೊರತೆ ಪ್ರೋಟೀನಿನದಲ್ಲ, ಒಟ್ಟು ಅನ್ನದ್ದು. ಊಟಕ್ಕೆ ಒಂದೊಂದು ಭಕ್ರಿ ಹೆಚ್ಚಿಸಬೇಕು. ತೂಕ ಏರಿ, ಎತ್ತುವ ಭಾರ ಏರದೆ, ಸೊಂಟದ ಸುತ್ತಳತೆ ಮಾತ್ರ ಹೆಚ್ಚಿದರೆ ಬೆಳೆದುದು ಕೊಬ್ಬೆಂದು ತಿಳಿದು ಆ ಭಕ್ರಿಯನ್ನು ಬಿಡಬೇಕು.

ಈ ಲೆಕ್ಕವು ಹದಿನೆಂಟು ದಾಟಿದ, ಆರೋಗ್ಯವಂತನಾದ ತರುಣನಿಗೆ ಹೊಂದುವಂಥದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಇನ್ನೂ ಎತ್ತರಕ್ಕೆ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳು ತೂಕದ ಬೆನ್ನು ಹತ್ತುವುದು ಬೇಡ. ಆದರೆ ತಮ್ಮ ತಟ್ಟೆಯಲ್ಲಿ ಆಗಲೇ ಎಷ್ಟಿದೆ ಎಂಬ ಕೂಡುವ ಲೆಕ್ಕವನ್ನು ಇಂದಿನ ಊಟದಿಂದಲೇ ಮಾಡಿ ನೋಡಬಹುದು.