ಎರಡನೆಯವರ ಮೇಲ್

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವವರನ್ನು ಮಾತಿಗೆಳೆದರೆ ‘ಆಫರ್ ಡ್ರಾಪ್’ ಎಂಬ ಮಾತು ಬಂದೇ ಬರುತ್ತದೆ. ಆಯ್ಕೆಯಾದವರು ಆಫರ್ ಲೆಟರ್ ಒಪ್ಪಿಕೊಂಡು ಕೊನೆಗೆ ಕೆಲಸಕ್ಕೇ ಸೇರದಿದ್ದರೆ ಹಾಗೆನ್ನುತ್ತಾರೆ. ಇದಕ್ಕೆ ಮುಖ್ಯ ಕಾರಣ ನೋಟಿಸ್ ಅವಧಿ. ಅನೇಕ ಕಂಪನಿಗಳಲ್ಲಿ ಅದು 90 ದಿನ. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊಸದಕ್ಕೆ ಬರುವ ಈ ಮೂರು ತಿಂಗಳಲ್ಲಿ ಕೈಲಿರುವ ಆಫರ್ ತೋರಿಸಿ ಮತ್ತೊಂದು ಕಡೆ ಹೆಚ್ಚಿನ ಸಂಬಳ ಕೇಳುವವರಿದ್ದಾರೆ. ಹಳೆಯ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಳ್ಳುವುದೂ ಉಂಟು. ಸೇರಬೇಕಾದ ದಿನ ಬೆಳಿಗ್ಗೆ ಫೋನೇ ಎತ್ತದವರೂ ಇದ್ದಾರೆ.

ಅದೇ ಹುದ್ದೆಗೆ ಕೊನೆಯ ಸುತ್ತಿನವರೆಗೆ ಬಂದು ಎರಡನೆಯವರಾಗಿ ನಿಂತವರಿಗೆ ಅಷ್ಟರಲ್ಲಿ ‘ಬೇರೆ ಅಭ್ಯರ್ಥಿಯನ್ನು ಆಯ್ಕೆ ಮಾಡಿದ್ದೇವೆ’ ಎಂಬ ಮೇಲ್ ಹೋಗಿರುತ್ತದೆ. ಆ ಮೇಲ್ ಓದುವ ಹೊತ್ತಿಗೆ ಅಲ್ಲಿನ ಕುರ್ಚಿ ಇನ್ನೂ ಖಾಲಿಯೇ ಇರುತ್ತದೆ ಎನ್ನುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮರುಉತ್ತರ ಬರೆಯಬೇಕಾದದ್ದು ಈ ಖಾಲಿ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಉದಾಹರಣೆಗೆ, ದಾವಣಗೆರೆಯಲ್ಲಿ ಓದಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಯುವತಿಯೊಬ್ಬಳು ಮೂರು ಸುತ್ತು ಸಂದರ್ಶನ ಮುಗಿಸಿದ್ದಾಳೆ ಎಂದುಕೊಳ್ಳೋಣ. ಹತ್ತು ದಿನ ಕಾದ ಮೇಲೆ ಮೇಲ್ ಬಂದಿದೆ: ಆಯ್ಕೆಯಾಗಿಲ್ಲ, ವಿವರಗಳನ್ನು ಮುಂದಿನ ಅವಕಾಶಗಳಿಗಾಗಿ ಇಟ್ಟುಕೊಂಡಿರುತ್ತೇವೆ.

ಅವಳು ಮೊದಲು ನೋಡಬೇಕಾದದ್ದು ಮೇಲ್ ಯಾವ ವಿಳಾಸದಿಂದ ಬಂದಿದೆ ಎಂಬುದನ್ನು. ವಿಳಾಸದಲ್ಲಿ `no-reply` ಎಂದಿದ್ದರೆ ಅದಕ್ಕೆ ಉತ್ತರ ಬರೆದು ಪ್ರಯೋಜನವಿಲ್ಲ. ಆ ಡಬ್ಬಿಯನ್ನು ಯಾರೂ ತೆರೆಯುವುದಿಲ್ಲ. ರೆಸ್ಯೂಮೆ ಹಂತದಲ್ಲೇ ತಿರಸ್ಕೃತರಾದವರಿಗೆ ಇಂಥ ಮೇಲೇ ಸಾಮಾನ್ಯ, ಅವರ ಬಗ್ಗೆ ಹೇಳಲು ಕಂಪನಿಯ ಬಳಿ ಹೆಚ್ಚೇನೂ ಇರುವುದಿಲ್ಲ. ಸಂದರ್ಶನ ಕೊಟ್ಟವರ ಮಾತು ಬೇರೆ. ಸಂದರ್ಶನದ ಸಮಯ ಗೊತ್ತುಮಾಡಿದ ರಿಕ್ರೂಟರ್ ಬರೆದ ಹಳೆಯ ಮೇಲ್ ಇನ್‌ಬಾಕ್ಸಿನಲ್ಲಿ ಇದ್ದೇ ಇರುತ್ತದೆ. ಅದಕ್ಕೇ ರಿಪ್ಲೈ ಮಾಡಿದರೆ ಹುದ್ದೆಯ ಸಂಖ್ಯೆ, ದಿನಾಂಕ, ಹಿಂದಿನ ಮಾತುಕತೆ ಎಲ್ಲವೂ ಒಂದೇ ಎಳೆಯಲ್ಲಿ ಉಳಿಯುತ್ತವೆ.

ಬೇಸರದಲ್ಲಿ ಕೂತು ಬರೆದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರಿಸಿದ್ದೆ. ನನ್ನನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ದಯವಿಟ್ಟು ತಿಳಿಸಿ.’ ಈ ಪ್ರಶ್ನೆಗೆ ರಿಕ್ರೂಟರ್ ಉತ್ತರ ಕೊಡುವುದು ಕಷ್ಟ. ಸಂದರ್ಶನದಲ್ಲಿ ಅವರು ಕೂತಿರುವುದಿಲ್ಲ. ಪ್ಯಾನೆಲ್‌ನವರು ಕೊಟ್ಟ ಅಂಕ, ಗೀಚಿದ ಎರಡು ಸಾಲು ಅಷ್ಟೇ ಅವರ ಕಣ್ಣಮುಂದೆ ಇರುವುದು. ಮೇಲಾಗಿ ‘ಏಕೆ’ ಎಂಬುದಕ್ಕೆ ಬರಹದಲ್ಲಿ ಕೊಟ್ಟ ಉತ್ತರ ನಾಳೆ ತಾರತಮ್ಯದ ದೂರಿನಲ್ಲಿ ಸಾಕ್ಷಿಯಾಗಬಹುದೆಂಬ ಅಂಜಿಕೆ ದೊಡ್ಡ ಕಂಪನಿಗಳಿಗಿದೆ. ಬ್ರಿಟನ್ ಮತ್ತು ಯುರೋಪಿನಲ್ಲಂತೂ ಅಭ್ಯರ್ಥಿ ತನ್ನ ಬಗ್ಗೆ ಬರೆದಿಟ್ಟ ಸಂದರ್ಶನದ ಟಿಪ್ಪಣಿಗಳ ಪ್ರತಿಯನ್ನೇ ಕಾನೂನಿನ ಪ್ರಕಾರ ಕೇಳಬಹುದು. ಹಾಗಾಗಿ ಬಹುರಾಷ್ಟ್ರೀಯ ಕಂಪನಿಗಳು ಕಾರಣ ಬರೆಯುವಾಗ ಕೈ ಬಿಗಿಹಿಡಿಯುತ್ತವೆ.

ತೀರ್ಪಿನ ಸಮರ್ಥನೆ ಕೇಳದೆ ದಾರಿ ಮಾತ್ರ ಕೇಳಿದರೆ ಈ ಬಿಗಿ ಸ್ವಲ್ಪ ಸಡಿಲುತ್ತದೆ. ಒಂದು ರಾತ್ರಿ ಕಳೆದ ಮೇಲೆ ಯುವತಿ ಬರೆಯಬಹುದಾದ ಪತ್ರದ ಕನ್ನಡ ರೂಪ ಇದು:

‘ನಮಸ್ಕಾರ ಮೇಡಂ. ನಿರ್ಧಾರ ತಿಳಿಸಿದ್ದಕ್ಕೆ ಧನ್ಯವಾದ. ಎರಡನೇ ಸುತ್ತಿನಲ್ಲಿ ಪೇಮೆಂಟ್ ಮಾಡ್ಯೂಲಿನ ಟೆಸ್ಟ್ ಕೇಸ್‌ಗಳ ಮೇಲೆ ನಡೆದ ಚರ್ಚೆಯಿಂದ ಹೊಸದು ಕಲಿತೆ. ಒಂದು ವಿಷಯ ಕೇಳಲೆ? ಎಪಿಐ ಟೆಸ್ಟಿಂಗ್, ಆಟೊಮೇಷನ್ ಈ ಎರಡರಲ್ಲಿ ನಾನು ಮೊದಲು ಯಾವುದರಲ್ಲಿ ಪಳಗಬೇಕೆಂದು ಪ್ಯಾನೆಲ್‌ನವರಿಗೆ ಅನ್ನಿಸಿತು? ಒಂದು ಸಾಲು ಸಾಕು, ಫೋನಿನಲ್ಲಿ ಹೇಳಿದರೂ ಸರಿ. ಈ ಹುದ್ದೆ ಮತ್ತೆ ತೆರೆದರೆ ನನ್ನನ್ನು ಪರಿಗಣಿಸಿ. ನನ್ನ ನೋಟಿಸ್ ಅವಧಿ 30 ದಿನ. ಪ್ರೊಫೈಲನ್ನು ನಿಮ್ಮ ಟ್ಯಾಲೆಂಟ್ ಪೂಲ್‌ನಲ್ಲಿ ಇಟ್ಟುಕೊಳ್ಳಲು ಒಪ್ಪಿಗೆಯಿದೆ.’

ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಪ್ಯಾನೆಲ್‌ನ ಟಿಪ್ಪಣಿ ನೋಡಿಯೇ ಉತ್ತರ ಹೇಳಬಹುದು, ಅದರಲ್ಲಿ ಯಾರನ್ನೂ ಸಿಕ್ಕಿಸುವಂಥದ್ದು ಏನಿಲ್ಲ. ಬರೆಯಲು ಹಿಂಜರಿಯುವವರು ಫೋನಿನಲ್ಲಿ ಐದು ನಿಮಿಷ ಬಿಚ್ಚಿ ಮಾತಾಡುತ್ತಾರೆ, ಆ ಬಾಗಿಲನ್ನು ಪತ್ರವೇ ತೆರೆದಿಟ್ಟಿದೆ. ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು ‘ನೋಟಿಸ್ ಅವಧಿ 30 ದಿನ’ ಎಂಬುದು. ಆಯ್ಕೆಯಾದವರು ಕೈಕೊಟ್ಟಾಗ ಇನ್ನೂ 90 ದಿನ ಕಾಯಲಾರದ ಮ್ಯಾನೇಜರ್‌ಗೆ ಬೇಕಾದ ಮಾಹಿತಿ ಅದೇ.

ಟ್ಯಾಲೆಂಟ್ ಪೂಲ್ ಎಂಬ ಹೆಸರು ಕೇಳಲು ದೊಡ್ಡದು. ಬಹಳಷ್ಟು ಕಡೆ ಅದು ನೇಮಕಾತಿಯ ಸಾಫ್ಟ್‌ವೇರಿನೊಳಗಿನ ಒಂದು ಪಟ್ಟಿ, ಅಥವಾ ಹೆಸರಿನ ಮುಂದೆ ಅಂಟಿಸಿದ ಒಂದು ಗುರುತು. ಹೊಸ ಹುದ್ದೆ ಬಂದಾಗ ಕೌಶಲ, ಅನುಭವ, ಊರು ಎಂದು ಹುಡುಕಿದರೆ ಸಾವಿರಾರು ದಾಖಲೆ ಬೀಳುತ್ತವೆ. ಕೊನೆಯ ಸುತ್ತಿನವರೆಗೆ ಬಂದು ತಪ್ಪಿಹೋದವರನ್ನು ಈ ವೃತ್ತಿಯವರು ‘ಸಿಲ್ವರ್ ಮೆಡಲಿಸ್ಟ್’ ಎಂದು ಕರೆಯುತ್ತಾರೆ. ಆ ಗುರುತು ಬಿದ್ದವರು ಮೇಲೆ ಕಾಣುತ್ತಾರೆ; ಬೀಳದವರು ರಾಶಿಯಲ್ಲಿ ಒಬ್ಬರು. ಗುರುತು ಹಾಕಲು ರಿಕ್ರೂಟರ್‌ಗೆ ಒಂದು ನೆಪ ಬೇಕು. ಸೌಜನ್ಯದ ಮೇಲ್ ಅಂಥ ನೆಪ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಬಹಳ ಚಿಕ್ಕದು. ಇಂಥ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಅಭ್ಯರ್ಥಿಯನ್ನು ಗುರುತಿಸುವುದು ಇ-ಮೇಲ್ ವಿಳಾಸದಿಂದ. ಮುಂದಿನ ಸಲ ಬೇರೆ ವಿಳಾಸದಿಂದ ಅರ್ಜಿ ಹಾಕಿದರೆ ಎರಡನೇ ದಾಖಲೆ ಹುಟ್ಟುತ್ತದೆ. ಹಿಂದಿನ ಮೂರು ಸುತ್ತಿನ ಒಳ್ಳೆಯ ಅಂಕಗಳು ಹಳೆಯ ದಾಖಲೆಯಲ್ಲೇ ಉಳಿದುಬಿಡುತ್ತವೆ. ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆಗೆ ಅರ್ಜಿ ಹಾಕುವ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ ಬೇಕು. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ನಿಯಮದಿಂದಾಗಿ ಅಲ್ಲಿನ ಎಷ್ಟೋ ಕಂಪನಿಗಳು ‘ವಿವರ ಇಟ್ಟುಕೊಳ್ಳಲೆ?’ ಎಂದು ಲಿಂಕ್ ಕಳಿಸಿ ಒಪ್ಪಿಗೆ ಪಡೆಯುತ್ತವೆ. ಆ ಮೇಲ್ ಸ್ಪ್ಯಾಮಿನಲ್ಲಿ ಕೊಳೆತರೆ, ಕೆಲವು ತಿಂಗಳ ನಂತರ ದಾಖಲೆಯೇ ಅಳಿಸಿಹೋಗುತ್ತದೆ. ಭಾರತದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ತೂಕ ಕೊಟ್ಟಿದೆ. ಪತ್ರದ ಕೊನೆಯ ಸಾಲು ಅದಕ್ಕಾಗಿಯೇ.

ಉತ್ತರ ಬಂದರೆ ಅದನ್ನು ಓದುವುದರಲ್ಲೂ ಹದ ಬೇಕು. ‘ಇನ್ನೊಬ್ಬರ ಅನುಭವ ಹುದ್ದೆಗೆ ಹೆಚ್ಚು ಹತ್ತಿರವಿತ್ತು’ ಎಂದಿದ್ದರೆ ತಿದ್ದಿಕೊಳ್ಳಲು ಏನೂ ಇಲ್ಲದಿರಬಹುದು. ‘ಕಮ್ಯುನಿಕೇಷನ್’ ಎಂದಿದ್ದರೆ ಕನ್ನಡ ಮಾಧ್ಯಮದಲ್ಲಿ ಓದಿದವರು ತಕ್ಷಣ ತಮ್ಮ ಇಂಗ್ಲಿಷನ್ನೇ ಶಂಕಿಸುತ್ತಾರೆ. ಎಷ್ಟೋ ಸಲ ಆ ಪದದ ಅರ್ಥ, ಉತ್ತರ ಎಲ್ಲೋ ಶುರುವಾಗಿ ಎಲ್ಲೋ ಮುಗಿಯಿತು, ಮಾಡಿದ ಕೆಲಸ ಕ್ರಮವಾಗಿ ಹೇಳಲಿಲ್ಲ ಎಂದಷ್ಟೇ. ಯಾವುದು ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಬಹುದು. ವಾದಕ್ಕಿಳಿದರೆ ಮಾತ್ರ ಕೆಟ್ಟಿತು. ಆ ಮೇಲ್ ಕೂಡ ಅದೇ ಎಳೆಯಲ್ಲಿ ಉಳಿಯುತ್ತದೆ.

ಉತ್ತರವೇ ಬಾರದಿರುವುದು ಸಾಮಾನ್ಯ. ಅದಕ್ಕಾಗಿ ಸಂದರ್ಶಕರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕಾಡಬಾರದು. ಎರಡೂವರೆ ತಿಂಗಳು ಬಿಟ್ಟು, ಆಯ್ಕೆಯಾದವರು ಸೇರುವ ದಿನ ಹತ್ತಿರವಾದಾಗ, ಅದೇ ಎಳೆಯಲ್ಲಿ ಇನ್ನೊಂದು ಚಿಕ್ಕ ಮೇಲ್ ಕಳಿಸಬಹುದು: ‘ಈಗ ಎಪಿಐ ಟೆಸ್ಟಿಂಗ್‌ನ ಒಂದು ಪ್ರಾಜೆಕ್ಟ್ ಮುಗಿಸಿದ್ದೇನೆ. ಹೊಸ ರೆಸ್ಯೂಮೆ ಜೊತೆಗಿದೆ. ಮತ್ತೆ ಅರ್ಜಿ ಹಾಕಲು ಎಷ್ಟು ತಿಂಗಳ ಅಂತರ ಬೇಕು?’ ಕೆಲವು ಕಂಪನಿಗಳಲ್ಲಿ ತಿರಸ್ಕೃತರು ಆರು ತಿಂಗಳು ಕಾಯಬೇಕೆಂಬ ನಿಯಮವಿರುವುದರಿಂದ ಕೊನೆಯ ಪ್ರಶ್ನೆ ಕೇಳಲೇಬೇಕು.

ಹುದ್ದೆ ಅಷ್ಟರಲ್ಲಿ ತುಂಬಿರಬಹುದು, ಬಜೆಟ್ ಇಲ್ಲವೆಂದು ರದ್ದೂ ಆಗಿರಬಹುದು. ಇಲ್ಲವಾದರೆ ಒಂದು ಸೋಮವಾರ ಹತ್ತೂವರೆಗೆ ಹೊಸಬರ ಲ್ಯಾಪ್‌ಟಾಪ್ ಮೇಜಿನ ಮೇಲೆ ಹಾಗೆಯೇ ಉಳಿದಿರುತ್ತದೆ, ಅವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ರಿಕ್ರೂಟರ್ ಮೇಲ್‌ಬಾಕ್ಸಿನಲ್ಲಿ ಹುದ್ದೆಯ ಸಂಖ್ಯೆ ಟೈಪ್ ಮಾಡುತ್ತಾರೆ. ಎಲ್ಲಕ್ಕಿಂತ ಮೇಲೆ ಕಾಣುವುದು ಹೋದ ವಾರ ಬಂದ ಆ ಚಿಕ್ಕ ಮೇಲ್, ಅದರ ಕೆಳಗೆ ಫೋನ್ ನಂಬರ್.