ಕುದುರೆಯ ಮೇಲಿದ್ದವನು ಕಲ್ಕಿಯಲ್ಲ

ಶ್ರಾವಣದ ಒಂದು ಭಾನುವಾರ, ಕಲ್ಯಾಣದಿಂದ ಲೋಕಲ್ ಹಿಡಿದು ಠಾಕುರ್ಲಿಯನ್ನು ದಾಟಿ, ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಗೆ ನಾನು ಏದುಸಿರು ಬಿಡುತ್ತ ಹತ್ತಿದುದು ಚಹಾ ಕುಡಿಯುವುದಕ್ಕಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ಅಲ್ಲಿಯೇ ಮುಪ್ಪಡರಿದ ಕಾಕೂ ಒಬ್ಬರು, ಮಾವನವರ ಪೆಟ್ಟಿಗೆಯೊಳಗೆ ‘ದುಂಡನ ಇಸ್ಪೀಟು’ ಇವೆಯೆಂದು ಹೇಳಿ ಕಳುಹಿಸಿದ್ದರು. ಮಾವನವರು ಕಾರವಾರದ ಕಡೆಯವರು, ಸಾವಂತವಾಡಿಗೆ ಹೋಗಿಬರುವ ವಹಿವಾಟುಳ್ಳವರು ಎಂದಾಗಲೇ ನನ್ನ ಮನಸ್ಸು ಅರ್ಧ ಉತ್ತರವನ್ನು ಕಂಡುಕೊಂಡಿತ್ತು. ಜಾರುಮುಚ್ಚಳದ ಚಿಕ್ಕ ಮರದ ಪೆಟ್ಟಿಗೆಯನ್ನು ತೆರೆದಾಗ ಅಂಗೈಯಲ್ಲಿ ಅಡಗುವಷ್ಟು ಅಗಲದ, ಅರಗಿನ ಹೊಳಪು ಮಾಸಿದ ಹದಿನೇಳು ಎಲೆಗಳು ಹೊರಬಂದುವು. ಗಂಜೀಫಾ!

ದಶಾವತಾರ ಗಂಜೀಫಾದ ಪೂರ್ಣ ಕಟ್ಟಿನಲ್ಲಿ 120 ಎಲೆಗಳು: ಅವತಾರಕ್ಕೊಂದರಂತೆ ಹತ್ತು ರಂಗು, ರಂಗಿಗೆ ಹನ್ನೆರಡು ಎಲೆ, ಒಂದರಿಂದ ಹತ್ತರವರೆಗೆ ಎಣಿಕೆಯವು, ಮಿಕ್ಕೆರಡು ರಾಜ ಮತ್ತು ಪ್ರಧಾನ. ಮೂವರು ಕುಳಿತು ತಲಾ ನಲವತ್ತು ಹಂಚಿಕೊಂಡು ಆಡುವ ಈ ಆಟದಲ್ಲಿ ಹಗಲಾದರೆ ರಾಮನ ರಾಜನಿದ್ದವನೂ ಇರುಳಾದರೆ ಕೃಷ್ಣನ ರಾಜನಿದ್ದವನೂ ಮೊದಲು ಇಳಿಯಬೇಕು. ಬಾಬರನು 1527ರಲ್ಲಿ ಸಿಂಧಿನ ಶಾಹ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂತಹ ಎಲೆಯಾಟಗಳನ್ನು ವಿಸ್ತರಿಸಿದ ಸಂಗತಿ, ಮುಂಬಯಿಯಲ್ಲಿ ನೆಲೆಸಿದ್ದ ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ ಕಲಾವಿಮರ್ಶಕನು ಇವನ್ನೆಲ್ಲ ಹುಡುಕಿ ಸಂಗ್ರಹಿಸಿದ ಸಂಗತಿ ವಾಚಕರು ಓದಿ ಬಲ್ಲುದೇ. ನನಗೆ ಅಂದು ಬೇಕಾಗಿದ್ದುದು ಒಂದೇ ಒಂದು ಎಲೆಯ ನಾಮಧೇಯ.

ಆ ಎಲೆಯಲ್ಲಿ ಕಿರೀಟಧಾರಿಯೊಬ್ಬನು ಬಿಳಿಯ ಕುದುರೆಯೇರಿ, ಬಲಗೈಯಲ್ಲಿ ಹೆಗಲ ಮೇಲೆ ಓರೆಯಾಗಿ ಏನನ್ನೋ ಹಿಡಿದು ಸಾಗಿದ್ದನು. ಹಿಡಿದುದರ ತುದಿ ಎಲೆಯ ಅಂಚಿಗೆ ತಾಗುವೆಡೆಯಲ್ಲಿ, ತಲೆಮಾರುಗಳ ಹೆಬ್ಬೆರಳುಗಳು ಒತ್ತಿ ಒತ್ತಿ ಬಣ್ಣವು ಸವೆದುಹೋಗಿತ್ತು.

“ಕಲ್ಕಿ ಅಲ್ಲೇನೋ ತಮ್ಮಾ? ಕುದುರಿ ಅದ, ಕತ್ತಿ ಅದ,” ಎಂದರು ಕಾಕೂ.

ನಾನೂ ಹಾಗೆಯೇ ಎಂದುಕೊಂಡೆನೆಂಬುದನ್ನು ಮರೆಮಾಚಲಾರೆ. ಆದರೆ ಠಾಣೆಯಲ್ಲಿ ಕೊಂಕಣಕನ್ಯಾ ಹತ್ತಿ ಸಾವಂತವಾಡಿಗೆ ಹೋಗಿ, ಅರಮನೆಯಲ್ಲಿ ಈ ಎಲೆಗಳಿಗೆ ಬಣ್ಣವಿಡುವುದನ್ನು ಒಂದು ಮಧ್ಯಾಹ್ನವೆಲ್ಲ ನೋಡಿ ಬಂದವನಿಗೆ ಕುದುರೆಯ ವಿಷಯದಲ್ಲಿ ಸ್ವಲ್ಪ ಸಂಶಯವಿರಲೇಬೇಕು. ಗಂಜೀಫಾದಲ್ಲಿ ಕುದುರೆಯು ಸಾಧಾರಣವಾಗಿ ದೇವರ ಗುರುತಲ್ಲ, ಹುದ್ದೆಯ ಗುರುತು: ರಾಜನು ಪೀಠದಲ್ಲಿ ಕುಳಿತಿರುತ್ತಾನೆ, ಪ್ರಧಾನನು ಕುದುರೆಯೇರಿರುತ್ತಾನೆ, ಮತ್ಸ್ಯನಿಗೂ ಕೂರ್ಮನಿಗೂ ರಾಮನಿಗೂ ಹಾಗೆಯೇ. ಕಲ್ಕಿಗೆ ಸ್ವಂತದ ಕುದುರೆಯೊಂದು ಪುರಾಣದಿಂದಲೇ ಬಂದಿರುವುದರಿಂದ ಕಾಣುವವನ ಕಣ್ಣು ಅಲ್ಲಿಯೇ ಎಡವುತ್ತದೆ. ಆದುದರಿಂದ ಕುದುರೆಯನ್ನು ಕಂಡು ‘ಪ್ರಧಾನ’ ಎಂದಷ್ಟೇ ಹೇಳಿ, ಯಾರ ಪ್ರಧಾನನೆಂಬುದನ್ನು ಬೇರೆಡೆಯಲ್ಲಿ ಕೇಳಬೇಕು. ವಾಶಿಯ ಅಂಗಡಿಗಳಲ್ಲಿ ಭವಿಷ್ಯ ಹೇಳುವವರು ಹರಡುವ ಟ್ಯಾರೋ ಎಲೆಗಳಲ್ಲಿಯೂ ಕುದುರೆ ಸವಾರರು ನಾಲ್ವರಿದ್ದಾರೆ. ಬಟ್ಟಲೋ ಕತ್ತಿಯೋ ಕೋಲೋ ನಾಣ್ಯವೋ ಎಂಬುದರಿಂದಲೇ ಯಾವನು ಯಾವನೆಂದು ತಿಳಿಯುವುದು. (ಭವಿಷ್ಯದ ಮಾತು ಬಿಡಿ, ಚಿತ್ರವೇನೋ ಚೆನ್ನಾಗಿರುತ್ತದೆ.)

ಬೇರೆಡೆಯೆಂದರೆ ಎಣಿಕೆಯ ಎಲೆಗಳು. ಪೆಟ್ಟಿಗೆಯಲ್ಲಿದ್ದ ಹದಿನೈದನ್ನು ಚಾಪೆಯ ಮೇಲೆ ಗುರುತಿಗನುಸಾರವಾಗಿ ಹರಡಿದೆವು: ಮೀನಿನವು ನಾಲ್ಕು, ಕತ್ತಿಯವು ಮೂರು, ಕೊಡಲಿಯವು ಐದು, ಕಮಲದವು ಮೂರು. ಮೀನುಗಳಿದ್ದುದರಿಂದ ಇದು ದಶಾವತಾರದ ಕಟ್ಟೆಂಬುದು ಖಚಿತವಾಯಿತು. ಇಲ್ಲವಾದರೆ ಕತ್ತಿಯೆಂಬುದು ಎಂಟು ರಂಗಿನ ಮೊಗಲ್ ಕಟ್ಟಿನ ‘ಶಂಶೇರ್’ ಕೂಡ ಆಗಬಹುದಿತ್ತು. ಒಂದೊಂದು ರಂಗಿಗೆ ಒಂದೊಂದು ನೆಲಬಣ್ಣವಿರುವುದು ಈ ಕಟ್ಟುಗಳ ಸಂಪ್ರದಾಯವಾದುದರಿಂದ, ಸವಾರನ ಹಿಂದಿನ ಬಣ್ಣವು ಯಾವ ಗುರುತಿನ ಎಲೆಯ ಬಣ್ಣಕ್ಕೆ ಕೂಡುತ್ತದೆಯೋ ಅವನು ಆ ರಂಗಿನವನು. ಅಡಚಣೆಯೆಂದರೆ ಅರಗು. ವಯಸ್ಸಾದಂತೆ ಅದು ಹಳದಿಯಾಗಿ, ಕಂದಾಗಿ, ಕೆಳಗಿನ ಹಸಿರನ್ನು ಕೆಸರು ಮಾಡಿಬಿಡುತ್ತದೆ. ಕಣ್ಣಿಗೆ ಕಾಣುವ ಬಣ್ಣಕ್ಕೆ ಪುಸ್ತಕದ ಪಟ್ಟಿಯಲ್ಲಿನ ಬಣ್ಣವನ್ನು ಹೋಲಿಸಿದರೆ ದಾರಿ ತಪ್ಪುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಒಂದೇ ರೀತಿ ಮುದಿಯಾದ ಎಲೆಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿದೆವು. ಕತ್ತಿಯ ಎಲೆಗಳ ನೆಲ ಕೆಂಪು. ಸವಾರನದು ಕಂದು, ಕೊಡಲಿಯವುಗಳದೂ ಅದೇ ಕಂದು, ಮತ್ತು ಎರಡರಲ್ಲಿಯೂ ಅರಗು ಚಕ್ಕೆಯೆದ್ದ ಅಂಚಿನಲ್ಲಿ ಎಳೆಯ ಹಸಿರು ಇಣುಕುತ್ತಿತ್ತು.

ಆಗ ಅವನ ಕೈಯನ್ನು ಮತ್ತೆ ನೋಡಿದೆ. ಕತ್ತಿಯ ಹಿಡಿಯು ಮುಷ್ಟಿಯ ಕೆಳಗೆ ಒಂದು ಗುಬ್ಬಿಯಲ್ಲಿ ಮುಗಿಯಬೇಕು. ಇಲ್ಲಿ ಮುಷ್ಟಿಯ ಕೆಳಗೆ ಗೇಣುದ್ದದ ಕಾವು, ಚಿತ್ರದ ಅಳತೆಯಲ್ಲಿ ಅಕ್ಕಿಕಾಳಿನಷ್ಟು, ಜೋತುಬಿದ್ದಿತ್ತು. ಕೊಡಲಿ! ಅಲಗು ಸವೆದುಹೋಗಿ ಕಾವು ಮಾತ್ರ ಉಳಿದಿತ್ತು. ಪರಶುರಾಮನ ಪ್ರಧಾನನು ಆಟಗಾರರ ಹೆಬ್ಬೆರಳಿನಿಂದಾಗಿ ಕಲ್ಕಿಯಾಗಿಬಿಟ್ಟಿದ್ದನು.

ಇಸ್ಪೀಟಿನಲ್ಲಿಯೂ ಇಂತಹ ಅಪಘಾತವೊಂದು ನಡೆದಿದೆಯೆಂದು ಕಾಕೂಗೆ ಹೇಳದೆ ಇರಲಾಗಲಿಲ್ಲ. ನಾವು ಆಟೀನೆನ್ನುವ, ನೆರೆಯ ಮರಾಠಿಯವರು ಬದಾಮ್ ಎನ್ನುವ ರಂಗಿನ ರಾಜನು ತನ್ನ ತಲೆಗೆ ತಾನೇ ಕತ್ತಿ ತಿವಿದುಕೊಂಡಂತೆ ಕಾಣುತ್ತಾನಷ್ಟೆ. ಅವನ ಪೂರ್ವಿಕರ ಕೈಯಲ್ಲಿದ್ದುದು ಕೊಡಲಿಯೇ ಆಗಿದ್ದು, ನಕಲಿನ ಮೇಲೆ ನಕಲು ಮಾಡುತ್ತ ಹೋದ ಇಂಗ್ಲಿಷ್ ಅಚ್ಚುಗಾರರ ಕೈಯಲ್ಲಿ ಅಲಗು ಕಳೆದುಹೋಗಿ ಕಾವೇ ಕತ್ತಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಚೌಕಟದ ರಾಜನ ಕೊಡಲಿ ಮಾತ್ರ ಇಂದಿಗೂ ಉಳಿದಿದೆ. ಕಾಕೂ ಎದ್ದು ಹೋಗಿ ಮೊಮ್ಮಗನ ಎಲೆಕಟ್ಟನ್ನು ತಂದು ಎರಡನ್ನೂ ತೆಗೆದು ನೋಡಿ, “ಹೌದಲ್ಲೋ!” ಎಂದರು.

ಉಳಿದುದು ಎರಡನೆಯ ಚಿತ್ರದ ಎಲೆ. ನನಗೆ ನಿಜವಾಗಿ ಮೋಹವೆನಿಸಿದ್ದು ಅದೇ. ಸೊಂಟದ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ನಿಂತ ಕಪ್ಪು ಮೂರ್ತಿ. ಆಯುಧವಿಲ್ಲ, ಕುದುರೆಯೂ ಇಲ್ಲ, ಕಮಾನಿನ ಕೆಳಗೆ ನಿಂತಿರುವುದರಿಂದ ರಾಜನೇ ಸರಿ. ಯಾರ ರಾಜ? ಸಂಪ್ರದಾಯದ ಗುರುತುಗಳೂ ಊರಿಂದೂರಿಗೆ ಬೇರೆಯಾಗುವುದರಿಂದ ಪಟ್ಟಿಯೊಂದನ್ನೇ ನೆಚ್ಚಿ ಕೂಡುವಂತಿಲ್ಲ. ವರಾಹನಿಗೆ ಒಂದೆಡೆ ಶಂಖವಾದರೆ ಇನ್ನೊಂದೆಡೆ ಹಂದಿಯೇ ಗುರುತು. ಎಲ್ಲಕ್ಕಿಂತ ಗೊಂದಲದವನು ಒಂಬತ್ತನೆಯವನು. ಗ್ರಂಥವು ಬುದ್ಧನೆಂದರೆ, ಬರೆಯುವ ಚಿತಾರಿಗೆ ಬುದ್ಧನ ರೂಪದ ಬಳಕೆ ತಪ್ಪಿಹೋಗಿರುತ್ತದೆ. ಓಢ್ರದೇಶದವನು ಆ ಸ್ಥಾನದಲ್ಲಿ ಜಗನ್ನಾಥನನ್ನು ಕೂರಿಸಿದರೆ, ಮಹಾರಾಷ್ಟ್ರದ ಹಳೆಯ ಪಂಚಾಂಗಗಳ ದಶಾವತಾರಚಿತ್ರಗಳಲ್ಲಿ ಬುದ್ಧನೆಂಬ ಹೆಸರಿನ ಕೆಳಗೆ ನಿಂತಿರುವವನು ಪಂಢರಪುರದ ವಿಠೋಬ. ಜ್ಞಾನದೇವರೇ ಕನ್ನಡದವನೆಂದು ಕರೆದ ಆ ದೇವರು ಬುದ್ಧನ ಹೆಸರು ಹೊತ್ತು ಎಲೆಯಾಟದೊಳಕ್ಕೆ ಬಂದು ನಿಂತಿರುವ ಸೊಗಸನ್ನು ನಾನು ಎಷ್ಟು ಹೊತ್ತು ವರ್ಣಿಸಿದೆನೋ, ಚಹಾ ಎರಡು ಸಲ ಆರಿತು. ಮುಖವನ್ನು ನೋಡಿದರೆ ವಿಠೋಬ, ಪಟ್ಟಿಯನ್ನು ನೋಡಿದರೆ ಬುದ್ಧ. ನೆಲಬಣ್ಣವನ್ನು ಕಮಲದ ಮೂರು ಎಲೆಗಳಿಗೆ ಹಿಡಿದು ನೋಡಿದೆವು, ಕೂಡಿತು. ಆಟದಲ್ಲಿ ಅವನು ಒಂಬತ್ತನೆಯ ರಂಗಿನ, ಕಮಲದ ರಾಜ.

“ಅದೆಲ್ಲಾ ನಿನಗಿರಲಿ,” ಎಂದರು ಕಾಕೂ. “ಸೊಂಟದ ಮ್ಯಾಲೆ ಕೈ ಇಟ್ಟವಗ ಕಮಲದ ಗುರುತು ಯಾತಕ್ಕೋ?”

ಸವಾರನನ್ನು ಕೊಡಲಿಗಳ ಜೊತೆಗಿಟ್ಟು ದಾರ ಕಟ್ಟಿದರು. ವಿಠೋಬನನ್ನು ಮಾತ್ರ ಪೆಟ್ಟಿಗೆಗೆ ಹಾಕಲಿಲ್ಲ. ದೇವರಮನೆಯ ಗೂಡಿನಲ್ಲಿ, ತುಳಸಿಮಣಿಯ ಪಕ್ಕದಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿದರು.